ಚಿಪ್ ಮಗ್ಗುಲಿನ ಪುಟ್ಟ ಕೆಪಾಸಿಟರ್

ಬಸ್ಸಿನ ಹಣೆಯ ಮೇಲೆ ಊರಿನ ಹೆಸರು ಓಡಿಸುವಂಥ ಎಲ್‌ಇಡಿ ಫಲಕವನ್ನು ಡಿಪ್ಲೊಮಾ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆಂದು ಕಟ್ಟುವುದುಂಟು. ಅದರಲ್ಲಿ ದುಡಿಯುವುದು ಹೆಚ್ಚಾಗಿ 74ಎಚ್‌ಸಿ595 ಎಂಬ ಹದಿನಾರು ಕಾಲಿನ ಚಿಪ್. ಮೈಕ್ರೋಕಂಟ್ರೋಲರ್ ಒಂದೇ ತಂತಿಯಲ್ಲಿ ಒಂದರ ಹಿಂದೊಂದು ಕಳಿಸುವ ಬಿಟ್‌ಗಳನ್ನು ಅದು ಕ್ಲಾಕ್ ಹೊಡೆದಂತೆಲ್ಲ ಒಳಗೆ ಸರಿಸಿಕೊಳ್ಳುತ್ತದೆ. ಎಂಟು ಬಿಟ್ ತುಂಬಿದ ಮೇಲೆ 'ಲ್ಯಾಚ್' ಕಾಲಿಗೆ ಸೂಚನೆ ಬಂದ ಕ್ಷಣ ಎಂಟನ್ನೂ ಒಟ್ಟಿಗೆ ತನ್ನ ಎಂಟು ಔಟ್‌ಪುಟ್ ಕಾಲುಗಳಿಗೆ ತರುತ್ತದೆ. ಇಂಥ ನಾಲ್ಕೈದು ಚಿಪ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿದರೆ ಅಗಲವಾದ ಫಲಕ ಸಿದ್ಧ.

ಫಲಕ ಮೊದಲ ದಿನ ಚೆನ್ನಾಗಿಯೇ ಓಡುತ್ತದೆ. ಒಂದೊಂದೇ ದೀಪ ಹತ್ತಿಸಿ ನೋಡಿದರೆ ಎಲ್ಲ ಸರಿ. ಆದರೆ ಅಕ್ಷರದ ತುಂಬು ಗೆರೆಯೊಂದು ಬಂದು, ಎಂಟೂ ಔಟ್‌ಪುಟ್ ಒಮ್ಮೆಲೇ ಸೊನ್ನೆಯಿಂದ ಒಂದಕ್ಕೆ ಹೋಗಬೇಕಾದಾಗ ಚಿತ್ರ ಒಂದು ಮನೆ ಪಕ್ಕಕ್ಕೆ ಜಿಗಿಯುತ್ತದೆ, ಇಲ್ಲವೇ ಎಲ್ಲೋ ಒಂದು ದೀಪ ಮಿಣಕ್ಕೆಂದು ಆರುತ್ತದೆ. ಪ್ರೋಗ್ರಾಮನ್ನು ಮತ್ತೆ ಮತ್ತೆ ಓದುತ್ತಾರೆ, ಅಲ್ಲಲ್ಲಿ ಡಿಲೇ ಸೇರಿಸುತ್ತಾರೆ. ಒಮ್ಮೊಮ್ಮೆ ತಂತಿಯನ್ನು ಬೆರಳಿನಿಂದ ಮುಟ್ಟಿದರೆ ತೊಂದರೆ ಮಾಯವಾಗುತ್ತದೆ. ಮಲ್ಟಿಮೀಟರ್ ಹಿಡಿದರೆ ಸರಿಯಾಗಿ 5 ವೋಲ್ಟ್. ಹಾಗಾಗಿ ವಿದ್ಯುತ್ ಪೂರೈಕೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ತಪ್ಪಿರುವುದು ಅಲ್ಲೇ. ಮಲ್ಟಿಮೀಟರ್ ತೋರಿಸುವುದು ಸರಾಸರಿಯನ್ನು. ಚಿಪ್ ಕಷ್ಟಕ್ಕೆ ಸಿಕ್ಕಿಬೀಳುವುದು ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಹೊತ್ತು. ಆ ಅಳತೆಗೆ ನ್ಯಾನೋಸೆಕೆಂಡ್ ಎಂದು ಹೆಸರು.

ಆ ಹೊತ್ತಿನಲ್ಲಿ ಆಗುವುದೇನು? ಸಿಮಾಸ್ ಜಾತಿಯ ಚಿಪ್ ಸುಮ್ಮನಿದ್ದಾಗ ಕರೆಂಟನ್ನು ಹೆಚ್ಚುಕಡಿಮೆ ಎಳೆಯುವುದೇ ಇಲ್ಲ. ಸೊನ್ನೆ ಒಂದಾಗುವ, ಒಂದು ಸೊನ್ನೆಯಾಗುವ ಗಳಿಗೆಯಲ್ಲಿ ಮಾತ್ರ ಎಳೆಯುತ್ತದೆ. ಔಟ್‌ಪುಟ್ ಕಾಲಿಗೆ ಅಂಟಿದ ತಂತಿ, ಅದರ ತುದಿಯ ಇನ್ನೊಂದು ಚಿಪ್ ಅಥವಾ ಟ್ರಾನ್ಸಿಸ್ಟರ್, ಇವೆಲ್ಲ ತಮ್ಮಷ್ಟಕ್ಕೆ ಸಣ್ಣ ಕೆಪಾಸಿಟರ್‌ಗಳೇ. ಆ ಕಾಲನ್ನು 5 ವೋಲ್ಟಿಗೆ ಏರಿಸಬೇಕೆಂದರೆ ಅಷ್ಟಕ್ಕೂ ಚಾರ್ಜ್ ತುಂಬಬೇಕು. ನಮ್ಮ ಫಲಕದಲ್ಲಿ ಪ್ರತಿ ಔಟ್‌ಪುಟ್ ತಂತಿಗೆ 30 ಪಿಕೋಫ್ಯಾರಡ್ ಎಂದು ಹಿಡಿಯೋಣ. ಒಂದು ಗೇಣು ರಿಬ್ಬನ್ ಕೇಬಲ್ಲಿಗೆ ಇದು ಹೆಚ್ಚೇನಲ್ಲ. ಈ ಜಾತಿಯ ಚಿಪ್ ಸುಮಾರು 6 ನ್ಯಾನೋಸೆಕೆಂಡಿನಲ್ಲಿ ಔಟ್‌ಪುಟ್ ಏರಿಸುತ್ತದೆ. ಅಷ್ಟರಲ್ಲಿ 30 ಪಿಕೋಫ್ಯಾರಡ್‌ಗೆ 5 ವೋಲ್ಟ್ ತುಂಬಲು ಕಾಲಿಗೆ 25 ಮಿಲಿಆಂಪಿಯರ್ ಬೇಕು. ಎಂಟೂ ಕಾಲುಗಳು ಒಟ್ಟಿಗೆ ಏರಿದರೆ 200 ಮಿಲಿಆಂಪಿಯರ್.

ಇನ್ನೂರು ಮಿಲಿಆಂಪಿಯರ್ ದೊಡ್ಡ ಮೊತ್ತವೇನಲ್ಲ, ಮೊಬೈಲ್ ಚಾರ್ಜರ್ ಕೂಡ ಸಲೀಸಾಗಿ ಕೊಡುತ್ತದೆ. ತೊಡಕಿರುವುದು ಮೊತ್ತದಲ್ಲಲ್ಲ, ಅವಸರದಲ್ಲಿ. ಸೊನ್ನೆಯಲ್ಲಿದ್ದ ಕರೆಂಟ್ ಸುಮಾರು 3 ನ್ಯಾನೋಸೆಕೆಂಡಿನೊಳಗೆ ಇನ್ನೂರಕ್ಕೆ ಏರಬೇಕು, ಆಮೇಲೆ ಅಷ್ಟೇ ಬೇಗ ಇಳಿಯಬೇಕು. ತಂತಿ ಇದಕ್ಕೆ ಒಪ್ಪುವುದಿಲ್ಲ. ತಂತಿಯಲ್ಲಿ ಕರೆಂಟ್ ಹರಿದಾಗ ಅದರ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಕರೆಂಟ್ ಬದಲಾದರೆ ಕಾಂತಕ್ಷೇತ್ರವೂ ಬದಲಾಗಬೇಕು, ಆ ಬದಲಾವಣೆಗೆ ಎದುರಾಗಿ ತಂತಿಯಲ್ಲೇ ಒಂದು ವೋಲ್ಟೇಜ್ ಏಳುತ್ತದೆ. ಈ ಗುಣಕ್ಕೆ ಇಂಡಕ್ಟೆನ್ಸ್ ಎನ್ನುತ್ತಾರೆ. ಸೂತ್ರ ಚಿಕ್ಕದು:

V = L × di/dt

ಇಲ್ಲಿ L ಎಂದರೆ ದಾರಿಯ ಇಂಡಕ್ಟೆನ್ಸ್, di/dt ಎಂದರೆ ಕರೆಂಟ್ ಬದಲಾಗುವ ವೇಗ. ಬಿಡಿ ತಂತಿಗೆ ಮಿಲಿಮೀಟರಿಗೆ ಒಂದು ನ್ಯಾನೋಹೆನ್ರಿ ಎಂದು ಎಂಜಿನಿಯರುಗಳು ಬಾಯಿಲೆಕ್ಕ ಹಾಕುತ್ತಾರೆ. ಪವರ್ ಸಪ್ಲೈಯಿಂದ ಚಿಪ್‌ವರೆಗೆ 10 ಸೆಂಟಿಮೀಟರ್ ಕೆಂಪು ತಂತಿ, ವಾಪಸ್ಸು ಬರಲು 10 ಸೆಂಟಿಮೀಟರ್ ಕಪ್ಪು ತಂತಿ ಇದ್ದರೆ ಒಟ್ಟು 200 ನ್ಯಾನೋಹೆನ್ರಿ. ಸೂತ್ರಕ್ಕೆ ಹಾಕಿದರೆ 200 ನ್ಯಾನೋಹೆನ್ರಿ, 0.2 ಆಂಪಿಯರ್, 3 ನ್ಯಾನೋಸೆಕೆಂಡ್. ಉತ್ತರ 13 ವೋಲ್ಟಿಗೂ ಮೇಲೆ.

ಇರುವುದೇ 5 ವೋಲ್ಟ್, ಅದರಲ್ಲಿ 13 ಕಳೆಯುವುದು ಹೇಗೆ? ಉತ್ತರ ಅಸಾಧ್ಯವಾಗಿ ಬಂತೆಂದರೆ, ಅಷ್ಟು ಕರೆಂಟ್ ಆ ತಂತಿಯ ಮೂಲಕ ಅಷ್ಟು ಬೇಗ ಬರುವುದೇ ಇಲ್ಲ ಎಂದು ಅರ್ಥ. ಚಿಪ್ ಕೇಳುತ್ತದೆ, ತಂತಿ ಕೊಡುವುದಿಲ್ಲ, ಚಿಪ್‌ನ ಕಾಲಿನಲ್ಲಿದ್ದ 5 ವೋಲ್ಟ್ ಕುಸಿಯುತ್ತದೆ. ಔಟ್‌ಪುಟ್‌ಗಳು ನಿಧಾನವಾಗುತ್ತವೆ. ಇಷ್ಟಕ್ಕೇ ಮುಗಿಯುವುದೂ ಇಲ್ಲ. ತಡವಾಗಿ ಹೊರಟ ಕರೆಂಟ್, ಬೇಡಿಕೆ ತೀರಿದ ಮೇಲೂ ತಂತಿಯಲ್ಲಿ ಹರಿಯುತ್ತಲೇ ಇರುತ್ತದೆ. ಈಗ ಚಿಪ್‌ನ ಕಾಲಿನಲ್ಲಿ ವೋಲ್ಟೇಜ್ 5ನ್ನೂ ದಾಟಿ ಮೇಲಕ್ಕೇರಿ, ಮತ್ತೆ ಇಳಿದು, ಮತ್ತೆ ಏರಿ, ಹಲವು ಸಲ ತೂಗಾಡಿ ಶಾಂತವಾಗುತ್ತದೆ. ಸಪ್ಲೈ ಎಷ್ಟು ಬಲವಾದದ್ದಾದರೂ ಇದು ತಪ್ಪದು. ವೋಲ್ಟೇಜ್ ಇಳಿದದ್ದನ್ನು ಕಂಡು ಸರಿಪಡಿಸಲು ಸಾಮಾನ್ಯ ರೆಗ್ಯುಲೇಟರಿಗೆ ಮೈಕ್ರೋಸೆಕೆಂಡುಗಳು ಬೇಕು. ಅಷ್ಟರಲ್ಲಿ ಚಿಪ್‌ನ ಕಥೆ ನೂರಾರು ಸಲ ಮುಗಿದಿರುತ್ತದೆ.

ಕುಸಿತ ಕೆಂಪು ತಂತಿಯಲ್ಲಿ ಮಾತ್ರ ಆಗುತ್ತದೆ ಎಂದುಕೊಳ್ಳುವುದು ಸಹಜ. ಅದೇ ಕರೆಂಟ್ ಕಪ್ಪು ತಂತಿಯಲ್ಲಿ ಹಿಂದಿರುಗಬೇಕಲ್ಲ, ಅಲ್ಲೂ ಅಷ್ಟೇ ವೋಲ್ಟೇಜ್ ಏಳುತ್ತದೆ. ಅಂದರೆ ಚಿಪ್ ತನ್ನ ಸೊನ್ನೆ ಎಂದು ನಂಬಿಕೊಂಡ ಗ್ರೌಂಡ್ ಆ ಗಳಿಗೆಯಲ್ಲಿ ಸೊನ್ನೆಯಾಗಿರುವುದಿಲ್ಲ. ಒಳಬರುವ ಪ್ರತಿ ಸಂಕೇತವನ್ನೂ ಚಿಪ್ ಅಳೆಯುವುದು ತನ್ನ ಗ್ರೌಂಡಿಗೆ ಹೋಲಿಸಿ. ಆ ಗ್ರೌಂಡೇ ಎದ್ದು ಬಿದ್ದರೆ, ಸುಮ್ಮನೆ ನಿಂತಿದ್ದ ಕ್ಲಾಕ್ ತಂತಿ ಎದ್ದು ಬಿದ್ದಂತೆ ಅದಕ್ಕೆ ಕಾಣುತ್ತದೆ. ನಮ್ಮ ಫಲಕದಲ್ಲಿ ಅಕ್ಷರ ಜಿಗಿಯುವ ಕಾರಣ ಇಲ್ಲಿದೆ. ಕ್ಲಾಕ್ ಒಂದು ಸಲ ಹೊಡೆದಂತೆ ಕಂಡರೆ ಒಳಗಿನ ಬಿಟ್‌ಗಳು ಒಂದು ಮನೆ ಸರಿಯುತ್ತವೆ. ಆಗತಾನೆ ಏರುತ್ತಿದ್ದ ಲ್ಯಾಚ್ ಸೂಚನೆಯೂ ನಡುಗಿ ಎರಡು ಸಲ ಏರಿದಂತೆ ಕಂಡರೆ, ಸರಿದ ಚಿತ್ರವೇ ಹೊರಗೆ ಬರುತ್ತದೆ. ಪ್ರೋಗ್ರಾಮಿನಲ್ಲಿ ಎಷ್ಟು ಹುಡುಕಿದರೂ ಸಿಗದ ತಪ್ಪು ಇದು. ಮೈಕ್ರೋಕಂಟ್ರೋಲರ್ ಕಳಿಸಿದ್ದು ಸರಿಯಾಗಿಯೇ ಇರುತ್ತದೆ, ಚಿಪ್ ಕಂಡದ್ದು ಬೇರೆ.

ಪರಿಹಾರ ಎಲ್ಲ ಎಲೆಕ್ಟ್ರಾನಿಕ್ಸ್ ಪುಸ್ತಕಗಳಲ್ಲೂ ಇದೆ: ಪ್ರತಿ ಚಿಪ್‌ನ ಪವರ್ ಕಾಲಿಗೂ ಗ್ರೌಂಡ್ ಕಾಲಿಗೂ ನಡುವೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಗಳಲ್ಲಿ '104' ಎಂದರೆ ಸಾಕು, ಎಣಿಸಿ ಕೊಡುತ್ತಾರೆ. ಹತ್ತರ ಮುಂದೆ ನಾಲ್ಕು ಸೊನ್ನೆ, ಅಂದರೆ ಒಂದು ಲಕ್ಷ ಪಿಕೋಫ್ಯಾರಡ್, ಅದೇ 0.1 ಮೈಕ್ರೋಫ್ಯಾರಡ್. ಇದಕ್ಕೆ ಡಿಕಪ್ಲಿಂಗ್ ಕೆಪಾಸಿಟರ್ ಎಂದು ಹೆಸರು. ಮನೆಗೆ ನಲ್ಲಿ ನೀರು ದೂರದ ಟ್ಯಾಂಕಿನಿಂದ ಬರುತ್ತಿದ್ದರೂ ಒಲೆಯ ಪಕ್ಕ ತುಂಬಿದ ಕೊಡ ಇಟ್ಟುಕೊಂಡ ಹಾಗೆ ಇದು. ಚಿಪ್‌ಗೆ ತಟ್ಟನೆ ಬೇಕಾದ ಕರೆಂಟನ್ನು ಮಗ್ಗುಲಲ್ಲೇ ಇರುವ ಕೆಪಾಸಿಟರ್ ಕೊಡುತ್ತದೆ. ಖಾಲಿಯಾದದ್ದನ್ನು ದೂರದ ಸಪ್ಲೈ ಆಮೇಲೆ ಸಾವಕಾಶವಾಗಿ ತುಂಬುತ್ತದೆ.

ಅಷ್ಟು ಚಿಕ್ಕದು ಸಾಕೇ ಎಂಬ ಅನುಮಾನ ಬರುತ್ತದೆ. ಲೆಕ್ಕ ಹಾಕಿ ನೋಡಬಹುದು. ಎಂಟು ಔಟ್‌ಪುಟ್‌ಗಳಿಗೆ ಒಟ್ಟು 240 ಪಿಕೋಫ್ಯಾರಡ್. ಅದನ್ನು 5 ವೋಲ್ಟಿಗೆ ತುಂಬಲು ಬೇಕಾದ ಚಾರ್ಜ್ 1.2 ನ್ಯಾನೋಕೂಲಂಬ್. ಅಷ್ಟನ್ನು 0.1 ಮೈಕ್ರೋಫ್ಯಾರಡ್ ಕೆಪಾಸಿಟರಿನಿಂದ ತೆಗೆದರೆ ಅದರ ವೋಲ್ಟೇಜ್ ಇಳಿಯುವುದು ಬರೀ 12 ಮಿಲಿವೋಲ್ಟ್. ಐದು ವೋಲ್ಟಿನಲ್ಲಿ ಇದು ಲೆಕ್ಕಕ್ಕೇ ಇಲ್ಲ. ಚಿಪ್ ಒಳಗಿನ ಟ್ರಾನ್ಸಿಸ್ಟರ್‌ಗಳು ಬದಲಾಗುವಾಗ ಪೋಲಾಗುವ ಕರೆಂಟನ್ನು ಸೇರಿಸಿದರೂ ಚಿತ್ರ ಬದಲಾಗದು. 0.1ರ ಬದಲು 0.01 ಹಾಕಿದ್ದರೂ ಕುಸಿತ 0.12 ವೋಲ್ಟ್, ಅದೂ ನಡೆಯುತ್ತದೆ. ಹೀಗಿರುವಾಗ ತೊಂದರೆ ಹೋಗಲಿಲ್ಲವೆಂದು 0.1 ತೆಗೆದು ಅದೇ ಜಾಗದಲ್ಲಿ 1 ಮೈಕ್ರೋಫ್ಯಾರಡ್, 10 ಮೈಕ್ರೋಫ್ಯಾರಡ್ ಹಾಕುತ್ತಾ ಹೋಗುವುದರಲ್ಲಿ ಏನೂ ಸಿಗುವುದಿಲ್ಲ. ಕೆಪಾಸಿಟರಿನಲ್ಲಿ ಚಾರ್ಜ್ ಬೇಕಾದಷ್ಟಿದೆ. ಪ್ರಶ್ನೆ, ಅದು ಚಿಪ್‌ವರೆಗೆ ತಲುಪುವ ದಾರಿ ಎಷ್ಟು ಉದ್ದ ಎಂಬುದು.

ಈ ದಾರಿಯ ಬಗ್ಗೆಯೇ ಪುಸ್ತಕಗಳು ಅವಸರದಲ್ಲಿ ಮುಂದೆ ಹೋಗಿಬಿಡುತ್ತವೆ ಎಂಬುದು ನನ್ನ ತಕರಾರು. 'ಚಿಪ್‌ಗೆ ಹತ್ತಿರ ಇಡಿ' ಎನ್ನುತ್ತವೆ. ಹತ್ತಿರ ಎಂದರೆ ಯಾವುದಕ್ಕೆ ಹತ್ತಿರ? ಕರೆಂಟ್ ಕೆಪಾಸಿಟರಿನ ಒಂದು ತುದಿಯಿಂದ ಹೊರಟು, ಚಿಪ್‌ನ ಪವರ್ ಕಾಲಿನಿಂದ ಒಳಹೊಕ್ಕು, ಚಿಪ್ ದಾಟಿ, ಗ್ರೌಂಡ್ ಕಾಲಿನಿಂದ ಹೊರಬಂದು, ಕೆಪಾಸಿಟರಿನ ಇನ್ನೊಂದು ತುದಿಗೆ ಮರಳಬೇಕು. ಇದೊಂದು ಪೂರ್ತಿ ಸುತ್ತು. ಈ ಸುತ್ತು ಬಳಸಿದ ಜಾಗ ಎಷ್ಟು ದೊಡ್ಡದೋ ಇಂಡಕ್ಟೆನ್ಸ್ ಅಷ್ಟು ಹೆಚ್ಚು. ಪವರ್ ಕಾಲಿಗೆ ಕೆಪಾಸಿಟರನ್ನು ಅಂಟಿಸಿದಂತೆ ಇಟ್ಟು, ಅದರ ಗ್ರೌಂಡ್ ತುದಿಯನ್ನು ಬೋರ್ಡಿನ ಅಂಚು ಸುತ್ತಿ ಬರುವ ತೆಳು ತಂತಿಗೆ ಸೇರಿಸಿದರೆ ಆ ಕೆಪಾಸಿಟರ್ ಕಣ್ಣಿಗೆ ಹತ್ತಿರ, ಕರೆಂಟಿಗೆ ದೂರ. ಹವ್ಯಾಸಿಗಳ ಬೋರ್ಡುಗಳಲ್ಲಿ ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. ಪವರ್ ಕಡೆಯ ದಾರಿಯನ್ನು ಮಿಲಿಮೀಟರ್ ಲೆಕ್ಕದಲ್ಲಿ ನೋಡಿಕೊಂಡವರು ಗ್ರೌಂಡ್ ಕಡೆಯ ದಾರಿಯನ್ನು ತಿರುಗಿಯೂ ನೋಡಿರುವುದಿಲ್ಲ.

74ಎಚ್‌ಸಿ595 ಈ ವಿಷಯದಲ್ಲಿ ನಮಗೆ ಸಹಕರಿಸುವ ಚಿಪ್ ಅಲ್ಲ. ಅದರ ಪವರ್ ಕಾಲು 16ನೆಯದು, ಗ್ರೌಂಡ್ ಕಾಲು 8ನೆಯದು; ಎರಡೂ ಎದುರುಬದುರು ಮೂಲೆಗಳು. ಬ್ರೆಡ್‌ಬೋರ್ಡಿಗೆ ಚುಚ್ಚುವ ಉದ್ದ ಕಾಲಿನ ಮಾದರಿಯಲ್ಲಿ ಈ ಮೂಲೆಗಳ ನಡುವೆ ಹತ್ತಿರಹತ್ತಿರ 2 ಸೆಂಟಿಮೀಟರ್ ಅಂತರ. 74 ಸರಣಿಯ ಬಹುಪಾಲು ಚಿಪ್‌ಗಳು ಹೀಗೇ ಇವೆ. ವೇಗ ಕಡಿಮೆಯಿದ್ದ ಕಾಲದಲ್ಲಿ, ಬೋರ್ಡಿನ ಮೇಲೆ ಪವರ್ ಮತ್ತು ಗ್ರೌಂಡ್ ಪಟ್ಟಿಗಳನ್ನು ಎಳೆಯಲು ಮೂಲೆಗಳು ಅನುಕೂಲವಾಗಿದ್ದವು. ವೇಗ ಹೆಚ್ಚಿದ ಮೇಲೆ ಅದೇ ಅನುಕೂಲ ಮುಳುವಾಯಿತು. 1980ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ತನ್ನ ವೇಗದ ಸಿಮಾಸ್ ಚಿಪ್‌ಗಳ ಒಂದು ಮಾಲಿಕೆಯಲ್ಲಿ ಪವರ್, ಗ್ರೌಂಡ್ ಕಾಲುಗಳನ್ನು ಮೂಲೆಯಿಂದ ನಡುವಿಗೆ ತಂದಿತು. ಉದ್ದೇಶ ಇದೇ ಸುತ್ತನ್ನು ಕಿರಿದು ಮಾಡುವುದು. ಆದರೆ ಹಳೆಯ ಬೋರ್ಡುಗಳ ಜಾಗಕ್ಕೆ ಹೊಂದುವ ಮೂಲೆ ಕಾಲಿನ ಚಿಪ್‌ಗಳೇ ಮಾರುಕಟ್ಟೆಯಲ್ಲಿ ಉಳಿದವು.

ಇದಕ್ಕೆ ಹೋಲಿಸಿದರೆ ಆರ್ಡುಯಿನೋ ಊನೋ ಬೋರ್ಡಿನ ಮೇಲೆ ಕುಳಿತಿರುವ, 28 ಕಾಲಿನ ಎಟಿಮೆಗಾ328ಪಿ ಚಿಪ್ ಒಳ್ಳೆಯದು. ಅದರ 7ನೇ ಕಾಲು ಪವರ್, 8ನೇ ಕಾಲು ಗ್ರೌಂಡ್, ಅಕ್ಕಪಕ್ಕ. ಎರಡಕ್ಕೂ ನೇರವಾಗಿ ಕೆಪಾಸಿಟರ್ ಕೂರಿಸಬಹುದು. ಒಂದು ಎಚ್ಚರಿಕೆ ಮಾತ್ರ: ಅನಲಾಗ್ ಭಾಗದ ಪವರ್ ಬೇರೆಯಾಗಿ 20ನೇ ಕಾಲಿನಲ್ಲಿದೆ, ಅದರ ಗ್ರೌಂಡ್ 22ರಲ್ಲಿ. ಅಲ್ಲೂ ಒಂದು ಕೆಪಾಸಿಟರ್ ಬೇಕು. ಅದನ್ನು ಬಿಟ್ಟವರಿಗೆ ತಾಪಮಾನ ಸೆನ್ಸರಿನ ಓದು ನಿಂತಲ್ಲಿ ನಿಲ್ಲದೆ ಕುಣಿಯುವುದು ಕಾಣುತ್ತದೆ.

ಮೂಲೆ ಕಾಲಿನ ಚಿಪ್‌ಗೆ ಬ್ರೆಡ್‌ಬೋರ್ಡಿನಲ್ಲಿ ಮಾಡಬಹುದಾದ ಅತ್ಯುತ್ತಮ ಕೆಲಸವೆಂದರೆ ಕೆಪಾಸಿಟರಿನ ಕಾಲುಗಳನ್ನು ಅಳತೆಗೆ ಕತ್ತರಿಸಿ, ಚಿಪ್‌ನ ಬೆನ್ನಿನ ಮೇಲೆಯೇ ಅಡ್ಡಲಾಗಿ ಮಲಗಿಸಿ, 16ರ ಸಾಲಿನಿಂದ 8ರ ಸಾಲಿಗೆ ಚುಚ್ಚುವುದು. ನೋಡಲು ಅಂದವಿಲ್ಲ, ಆದರೆ ಸುತ್ತು ಅದಕ್ಕಿಂತ ಕಿರಿದಾಗಲಾರದು. ಇದರಿಂದ ದಾರಿಯ ಇಂಡಕ್ಟೆನ್ಸ್ 200ರಿಂದ ಸುಮಾರು 20 ನ್ಯಾನೋಹೆನ್ರಿಗೆ ಇಳಿಯುತ್ತದೆ ಎನ್ನೋಣ. ಅದೇ ಸೂತ್ರದಲ್ಲಿ ಈಗ 13 ವೋಲ್ಟಿನ ಜಾಗದಲ್ಲಿ 1.3 ವೋಲ್ಟ್ ಬರುತ್ತದೆ. ಇದು ಅತಿ ಕೆಟ್ಟ ಸಂದರ್ಭದ ಅಂದಾಜು. ವೋಲ್ಟೇಜ್ ಕುಸಿಯುತ್ತಿದ್ದಂತೆ ಔಟ್‌ಪುಟ್‌ಗಳು ನಿಧಾನವಾಗಿ ಬೇಡಿಕೆಯೂ ತಗ್ಗುವುದರಿಂದ ನಿಜದ ಕುಸಿತ ಇದಕ್ಕಿಂತ ಕಡಿಮೆ. ಫಲಕ ಸರಿಯಾಗಿ ಓಡತೊಡಗುತ್ತದೆ. ಆದರೆ ಅದೇ ಕೆಪಾಸಿಟರನ್ನು ಬ್ರೆಡ್‌ಬೋರ್ಡಿನ ತುದಿಯಲ್ಲಿ, ಕೆಂಪು ಮತ್ತು ನೀಲಿ ಗೆರೆಯ ಪಟ್ಟಿಗಳ ನಡುವೆ ಚುಚ್ಚಿದರೆ? ಅಲ್ಲಿಂದ ಚಿಪ್‌ಗೆ ಹೋಗಿಬರಲು 10 ಸೆಂಟಿಮೀಟರ್ ದಾರಿ ಉಳಿಯುತ್ತದೆ, ಲೆಕ್ಕ ಮತ್ತೆ 6 ವೋಲ್ಟ್ ದಾಟುತ್ತದೆ. 'ಕೆಪಾಸಿಟರ್ ಹಾಕಿದೆ, ಆದರೂ ಸರಿಹೋಗಲಿಲ್ಲ' ಎನ್ನುವವರ ಬೋರ್ಡನ್ನು ನೋಡಿದರೆ ಹೆಚ್ಚಾಗಿ ಕೆಪಾಸಿಟರ್ ಇರುವುದು ಇಂಥ ಕಡೆ.

ಪಿಸಿಬಿ ಮಾಡಿಸುವವರಿಗೆ ಇನ್ನೂ ಚೆನ್ನಾಗಿ ಮಾಡುವ ಅವಕಾಶವಿದೆ. ಎರಡು ಪದರದ ಬೋರ್ಡಾದರೆ ಕೆಳಗಿನ ಪದರವನ್ನು ಸಾಧ್ಯವಾದಷ್ಟೂ ಮುರಿಯದೆ, ಪೂರ್ತಿ ಗ್ರೌಂಡ್ ತಾಮ್ರವಾಗಿ ಬಿಡಬೇಕು. ಮೇಲೆ ಹೋದ ಕರೆಂಟ್ ಅದರ ನೆರಳಿನಲ್ಲೇ ಕೆಳಗೆ ಹಿಂದಿರುಗುತ್ತದೆ, ಸುತ್ತು ತಾನಾಗಿ ಕಿರಿದಾಗುತ್ತದೆ. ನೇರ ಬೋರ್ಡಿನ ಮೈಗೆ ಬೆಸೆಯುವ ಚಿಕ್ಕ ಕೆಪಾಸಿಟರನ್ನು ಪವರ್ ಕಾಲಿಗೆ ಒತ್ತಾಗಿ ಇಟ್ಟು, ದೂರದಿಂದ ಬರುವ ಪವರ್ ತಂತಿ ಮೊದಲು ಕೆಪಾಸಿಟರಿನ ಪ್ಯಾಡನ್ನು ಮುಟ್ಟಿ ಆಮೇಲೆ ಚಿಪ್‌ಗೆ ಹೋಗುವಂತೆ ಎಳೆಯಬೇಕು. ಗ್ರೌಂಡ್ ತುದಿಯಲ್ಲಿ ಪ್ಯಾಡಿನ ಪಕ್ಕಕ್ಕೇ ವಯಾ, ಅಂದರೆ ಕೆಳಪದರಕ್ಕೆ ಇಳಿಯುವ ತಾಮ್ರದ ರಂಧ್ರ, ಇರಬೇಕು. ಚಿಪ್‌ನ ಗ್ರೌಂಡ್ ಕಾಲಿಗೂ ಅದರದೇ ವಯಾ. ಮಾಮೂಲಿ 1.6 ಮಿಲಿಮೀಟರ್ ದಪ್ಪದ ಬೋರ್ಡಿನಲ್ಲಿ ಒಂದು ವಯಾ ತಾನೇ ಒಂದು ನ್ಯಾನೋಹೆನ್ರಿಗಿಂತ ತುಸು ಹೆಚ್ಚು ಇಂಡಕ್ಟೆನ್ಸ್ ತರುತ್ತದೆ. ಮೂರು ಕೆಪಾಸಿಟರ್‌ಗಳನ್ನು ಸಾಲಾಗಿಟ್ಟು ಮೂರಕ್ಕೂ ಒಂದೇ ವಯಾ ಕೊಟ್ಟು ಉಳಿತಾಯ ಮಾಡಿದರೆ ಮೂರೂ ಆ ಒಂದು ರಂಧ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಇಷ್ಟು ನೋಡಿಕೊಂಡರೆ ಚಿಪ್‌ನ ಸ್ವಂತ ಕಾಲುಗಳನ್ನೂ ಸೇರಿಸಿ ಸುತ್ತು 5 ನ್ಯಾನೋಹೆನ್ರಿಯ ಸುಮಾರಿಗೆ ಬರುತ್ತದೆ, ನಮ್ಮ ಲೆಕ್ಕದ ಕುಸಿತ 0.33 ವೋಲ್ಟಿಗೆ ಇಳಿಯುತ್ತದೆ. ಈ ಜಾತಿಯ ಚಿಪ್ ಅದನ್ನು ತಡೆದುಕೊಳ್ಳುತ್ತದೆ.

ನಾಲ್ಕು ಅಥವಾ ಹೆಚ್ಚು ಪದರಗಳಿದ್ದು, ಪವರ್‌ಗೊಂದು, ಗ್ರೌಂಡಿಗೊಂದು ಪೂರ್ತಿ ತಾಮ್ರದ ಹಾಳೆ ಒತ್ತೊತ್ತಾಗಿ ಇದ್ದರೆ ನಿಯಮ ಸ್ವಲ್ಪ ಸಡಿಲ. ಕೆಪಾಸಿಟರ್ ಒಂದು ಸೆಂಟಿಮೀಟರ್ ಆಚೆ ಸರಿದರೂ ಹಾಳೆಗಳ ನಡುವಿನ ದಾರಿ ಅಷ್ಟೇನೂ ಕೆಡುವುದಿಲ್ಲ. ಅಲ್ಲಿ ಕೆಪಾಸಿಟರಿನಿಂದ ಹಾಳೆಗೆ ಇಳಿಯುವ ವಯಾಗಳ ಉದ್ದ ಹೆಚ್ಚು ಮುಖ್ಯ. ಕಾಲುಗಳೆಲ್ಲ ಹೊಟ್ಟೆಯ ಕೆಳಗೇ ಇರುವ ದೊಡ್ಡ ಪ್ರೊಸೆಸರ್‌ಗಳಿಗೆ ಕೆಪಾಸಿಟರ್‌ಗಳನ್ನು ಬೋರ್ಡಿನ ಹಿಂಬದಿಯಲ್ಲಿ, ಚಿಪ್‌ನ ನೇರ ಕೆಳಗೆ ಹರಡುತ್ತಾರೆ. ಹಳೆಯ ಕಂಪ್ಯೂಟರಿನ ಬೋರ್ಡನ್ನು ತಿರುವಿ ನೋಡಿದರೆ ಕಾಣುವ ಕಂದು ಬಣ್ಣದ ಕಾಳುಗಳ ಗುಂಪು ಇವೇ.

ಕೆಪಾಸಿಟರಿಗೂ ತನ್ನದೇ ಇಂಡಕ್ಟೆನ್ಸ್ ಇದೆ ಎಂಬುದನ್ನು ಇಲ್ಲಿಯವರೆಗೆ ಬದಿಗಿಟ್ಟಿದ್ದೆ. ಅದರ ಒಳಮೈ, ಪ್ಯಾಡು, ವಯಾ ಎಲ್ಲ ಸೇರಿ ಒಂದು ನ್ಯಾನೋಹೆನ್ರಿ ಎಂದು ಉದಾರವಾಗಿ ಹಿಡಿದರೂ, 0.1 ಮೈಕ್ರೋಫ್ಯಾರಡ್ ಜೊತೆ ಅದು ಸುಮಾರು 16 ಮೆಗಾಹರ್ಟ್ಸ್‌ನಲ್ಲಿ ಅನುರಣಿಸುತ್ತದೆ. ಅದರಾಚೆಯ ವೇಗಗಳಲ್ಲಿ ಆ ಬಿಡಿಭಾಗ ಕೆಪಾಸಿಟರಿನಂತೆ ವರ್ತಿಸುವುದೇ ಇಲ್ಲ, ಒಂದು ಚಿಕ್ಕ ತಂತಿಯಂತೆ ವರ್ತಿಸುತ್ತದೆ. ಮೇಲೆ ಬರೆದಿರುವ 104 ಆಗ ಲೆಕ್ಕಕ್ಕಿಲ್ಲ, ತಂತಿಯ ಉದ್ದ ಮಾತ್ರ ಲೆಕ್ಕ. ಉದ್ದ ಕಾಲಿನ ಹಳೆಯ ಕೆಪಾಸಿಟರ್‌ಗಳ ದಿನಗಳಲ್ಲಿ ಇದಕ್ಕೆ ಉಪಾಯವಾಗಿ 0.1ರ ಪಕ್ಕ 0.01, ಅದರ ಪಕ್ಕ 0.001 ಹೀಗೆ ಮೂರು ಬೆಲೆಯವನ್ನು ಸೇರಿಸುವ ಪದ್ಧತಿ ಬಂತು. ಚಿಕ್ಕ ಬೆಲೆಯದು ಗಾತ್ರದಲ್ಲೂ ಚಿಕ್ಕದಿದ್ದಾಗ ಅದಕ್ಕೆ ಅರ್ಥವಿತ್ತು. ಈಗ ಮೂರೂ ಒಂದೇ ಗಾತ್ರದ ಕಾಳಿನಲ್ಲಿ ಸಿಗುತ್ತವೆ, ಮೂರರ ಇಂಡಕ್ಟೆನ್ಸೂ ಒಂದೇ. ಬೆರೆಸುವುದರಿಂದ ಲಾಭ ಕಡಿಮೆ, ಕೆಲವೊಮ್ಮೆ ನಷ್ಟ. ಒಂದು ಇಂಡಕ್ಟರಿನಂತೆಯೂ ಇನ್ನೊಂದು ಕೆಪಾಸಿಟರಿನಂತೆಯೂ ವರ್ತಿಸುವ ನಡುವಿನ ವೇಗದಲ್ಲಿ ಅವೆರಡೂ ತಮ್ಮಲ್ಲೇ ತೂಗಾಡತೊಡಗುತ್ತವೆ, ಆ ವೇಗದಲ್ಲಿ ಪವರ್ ದಾರಿಯ ತಡೆ ಮೊದಲಿಗಿಂತ ಹೆಚ್ಚುತ್ತದೆ. ಮೂರು ಬೇರೆ ಬೇರೆ ಬೆಲೆಗಳ ಬದಲು ಒಂದೇ ಬೆಲೆಯ ಮೂರನ್ನು, ಮೂರು ಕಡೆ, ಮೂರಕ್ಕೂ ಬೇರೆ ಬೇರೆ ವಯಾಗಳೊಂದಿಗೆ ಇಡುವುದನ್ನೇ ನಾನು ಸೂಚಿಸುತ್ತೇನೆ.

ಕೊಳ್ಳುವಾಗ ಗಮನಿಸಬೇಕಾದ ಇನ್ನೊಂದು ಗುಟ್ಟು ಇದೆ. ಎಕ್ಸ್7ಆರ್, ಎಕ್ಸ್5ಆರ್ ಎಂದು ಗುರುತು ಹಾಕಿದ ಸೆರಾಮಿಕ್ ಕೆಪಾಸಿಟರ್‌ಗಳ ಬೆಲೆ ಅವುಗಳ ಮೇಲಿರುವ ವೋಲ್ಟೇಜಿನೊಂದಿಗೆ ಕುಗ್ಗುತ್ತದೆ. ಅತಿ ಚಿಕ್ಕ ಗಾತ್ರದಲ್ಲಿ 10 ಮೈಕ್ರೋಫ್ಯಾರಡ್ ತುರುಕಿದ, 6.3 ವೋಲ್ಟ್ ತಾಳಿಕೆಯ ಕಾಳನ್ನು 5 ವೋಲ್ಟಿನಲ್ಲಿ ಬಳಸಿದರೆ ಅರ್ಧಕ್ಕಿಂತ ಹೆಚ್ಚು ಬೆಲೆ ಹೋಗಿಬಿಡಬಹುದು. ವೈ5ವಿ ಎಂಬ ಅಗ್ಗದ ಜಾತಿ ಇನ್ನೂ ಕೆಟ್ಟದು, ಬಿಸಿ ಹೆಚ್ಚಾದರೂ ಕುಗ್ಗುತ್ತದೆ. 0.1 ಮೈಕ್ರೋಫ್ಯಾರಡ್‌ನಲ್ಲಿ ಎಕ್ಸ್7ಆರ್, 16 ಅಥವಾ 25 ವೋಲ್ಟ್ ತಾಳಿಕೆಯದನ್ನು ಕೊಂಡರೆ ಈ ತಲೆನೋವಿಲ್ಲ.

ಪುಟ್ಟ ಸೆರಾಮಿಕ್ ಕೆಪಾಸಿಟರ್ ಹಿಡಿಯುವುದು ನ್ಯಾನೋಸೆಕೆಂಡಿನ ಹೊಡೆತಗಳನ್ನು. ಇದಕ್ಕಿಂತ ನಿಧಾನವಾದ, ಆದರೆ ದೊಡ್ಡದಾದ ಕುಸಿತಗಳೂ ಇವೆ. ವೈ-ಫೈ ಇರುವ ಇಎಸ್‌ಪಿ32 ಚಿಪ್ ರೇಡಿಯೋ ಅಲೆ ಕಳಿಸುವಾಗ ಕೆಲವು ನೂರು ಮಿಲಿಆಂಪಿಯರ್ ಎಳೆಯುತ್ತದೆ, ಅದೂ ನ್ಯಾನೋಸೆಕೆಂಡಿಗಲ್ಲ, ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಹೊತ್ತು. ತೆಳುವಾದ ಯುಎಸ್‌ಬಿ ಕೇಬಲ್ ಅಥವಾ ಸೋತ ರೆಗ್ಯುಲೇಟರ್ ಇದ್ದರೆ ಚಿಪ್ ಮತ್ತೆ ಮತ್ತೆ ರೀಸೆಟ್ ಆಗುತ್ತದೆ, ಪರದೆಯ ಮೇಲೆ `Brownout detector was triggered` ಎಂಬ ಸಾಲು ಬೀಳುತ್ತದೆ. ಇದಕ್ಕೆ 104 ಎಷ್ಟು ಸೇರಿಸಿದರೂ ಪ್ರಯೋಜನವಿಲ್ಲ, ಚಾರ್ಜೇ ಸಾಲದು. ಇಲ್ಲಿ ಬೆಲೆ ಮುಖ್ಯ. ಹತ್ತರಿಂದ ಕೆಲವು ನೂರು ಮೈಕ್ರೋಫ್ಯಾರಡ್‌ವರೆಗಿನ ದೊಡ್ಡ ಕೆಪಾಸಿಟರ್ ಬೇಕು, ಅದು ಕೆಲವು ಸೆಂಟಿಮೀಟರ್ ದೂರವಿದ್ದರೂ ನಡೆಯುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳಗಿನ ಅಲ್ಪ ಪ್ರತಿರೋಧ ಇಂಥ ಕಡೆ ಒಂದು ಉಪಕಾರವನ್ನೂ ಮಾಡುತ್ತದೆ: ಸಪ್ಲೈ ತಂತಿಯ ಇಂಡಕ್ಟೆನ್ಸು ಮತ್ತು ಸೆರಾಮಿಕ್ ಕೆಪಾಸಿಟರ್‌ಗಳ ನಡುವಿನ ತೂಗಾಟವನ್ನು ಅದು ಬೇಗ ತಣಿಸುತ್ತದೆ.

ಗಡಿ ಇನ್ನೊಂದು ಕಡೆಯೂ ಇದೆ. ಒಂದು ನ್ಯಾನೋಸೆಕೆಂಡಿಗಿಂತ ಕಡಿಮೆ ಹೊತ್ತಿನ ಬೇಡಿಕೆಗಳಿಗೆ ಬೋರ್ಡಿನ ಮೇಲಿನ ಯಾವ ಕೆಪಾಸಿಟರೂ ಒದಗುವುದಿಲ್ಲ. ಚಿಪ್‌ನ ಕಾಲುಗಳ ಇಂಡಕ್ಟೆನ್ಸೇ ಅಡ್ಡ ನಿಲ್ಲುತ್ತದೆ. ಆದ್ದರಿಂದ ವೇಗದ ಪ್ರೊಸೆಸರ್‌ಗಳ ಸಿಲಿಕಾನಿನ ಮೇಲೆಯೇ ತಯಾರಕರು ಕೆಪಾಸಿಟರ್‌ಗಳನ್ನು ಕೆತ್ತುತ್ತಾರೆ. 1990ರ ದಶಕದ ಕೊನೆಯಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಆಲ್ಫಾ 21264 ಪ್ರೊಸೆಸರಿಗೆ ಅದೂ ಸಾಲದೆ, ಸಿಲಿಕಾನಿನ ನೆತ್ತಿಯ ಮೇಲೆ ಪ್ರತ್ಯೇಕ ಕೆಪಾಸಿಟರ್ ಚಿಪ್ ಕೂರಿಸಿ ಸಣ್ಣ ತಂತಿಗಳಿಂದ ಬೆಸೆದರು.

ಇನ್ನು, ತೊಂದರೆ ಇದೇ ಎಂದು ತಿಳಿಯುವುದು ಹೇಗೆ? ಆಸಿಲೋಸ್ಕೋಪ್ ಸಿಗುವವರಿಗೆ ಒಂದು ಒಳ್ಳೆಯ ಪರೀಕ್ಷೆ ಇದೆ. ಎಂಟು ಔಟ್‌ಪುಟ್‌ಗಳಲ್ಲಿ ಒಂದನ್ನು ಸದಾ ಸೊನ್ನೆಯಲ್ಲಿ ನಿಲ್ಲಿಸಿ, ಉಳಿದ ಏಳನ್ನು ಒಟ್ಟಿಗೆ ಏರಿಸಿ ಇಳಿಸುವ ಪುಟ್ಟ ಪ್ರೋಗ್ರಾಮ್ ಬರೆಯಿರಿ. ಪ್ರೋಬನ್ನು ಸುಮ್ಮನಿರುವ ಆ ಒಂದು ಕಾಲಿಗೆ ಹಿಡಿಯಿರಿ. ಆ ಕಾಲು ಒಳಗಿನ ಟ್ರಾನ್ಸಿಸ್ಟರ್ ಮೂಲಕ ಚಿಪ್‌ನ ಒಳಗಿನ ಗ್ರೌಂಡಿಗೆ ಅಂಟಿಕೊಂಡಿರುವುದರಿಂದ, ಅಲ್ಲಿ ಕಾಣುವ ಮುಳ್ಳುಗಳೇ ಒಳಗಿನ ಗ್ರೌಂಡಿನ ನೆಗೆತ. ಅದೇ ಕಾಲನ್ನು ಸದಾ ಒಂದರಲ್ಲಿ ನಿಲ್ಲಿಸಿದರೆ ಒಳಗಿನ ಪವರ್ ಕುಸಿತ ಕಾಣುತ್ತದೆ. ಚಿಪ್ ಬಿಚ್ಚದೆ ಅದರ ಒಳಗೆ ಇಣುಕುವ ಈ ವಿಧಾನ ನನಗೆ ಬಹಳ ಇಷ್ಟ.

ಅಳೆಯುವಾಗ ಪ್ರೋಬಿನ ಗ್ರೌಂಡ್ ತಂತಿಯನ್ನು ನಂಬಬೇಡಿ. ಮೊಸಳೆ ಕ್ಲಿಪ್ ಇರುವ ಆ ಗೇಣುದ್ದದ ತಂತಿಗೂ 100 ನ್ಯಾನೋಹೆನ್ರಿಯಷ್ಟು ಇಂಡಕ್ಟೆನ್ಸ್ ಇದೆ. ಪ್ರೋಬಿನ 10 ಪಿಕೋಫ್ಯಾರಡ್ ಜೊತೆ ಅದು 150 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ತೂಗಾಡಿ, ಬೋರ್ಡಿನಲ್ಲಿ ಇಲ್ಲದ ಅಲೆಗಳನ್ನು ಪರದೆಯ ಮೇಲೆ ಬರೆಯುತ್ತದೆ. ಕ್ಲಿಪ್ ತೆಗೆದು, ಪ್ರೋಬಿನ ಜೊತೆ ಬರುವ ಪುಟ್ಟ ಸ್ಪ್ರಿಂಗನ್ನು ತುದಿಗೆ ತೊಡಿಸಿ, ಕೆಪಾಸಿಟರಿನ ಎರಡು ತುದಿಗೆ ನೇರವಾಗಿ ಒತ್ತಿ ನೋಡಬೇಕು. ಸ್ಕೋಪಿನ 20 ಮೆಗಾಹರ್ಟ್ಸ್ ಮಿತಿ ಆನ್ ಆಗಿದ್ದರೆ ಅದನ್ನೂ ತೆಗೆಯಬೇಕು, ಇಲ್ಲದಿದ್ದರೆ ನಾವು ಹುಡುಕುತ್ತಿರುವ ಮುಳ್ಳೇ ಮಾಯ. ಸ್ಕೋಪ್ ಇಲ್ಲದವರು ಲಕ್ಷಣದಿಂದಲೇ ಊಹಿಸಬಹುದು. ಹೆಚ್ಚು ಔಟ್‌ಪುಟ್ ಒಟ್ಟಿಗೆ ಬದಲಾದಾಗ ಮಾತ್ರ ತಪ್ಪು ಬರುತ್ತಿದ್ದು, ಒಂದೊಂದಾಗಿ ಬದಲಾಯಿಸಿದರೆ ಬರದಿದ್ದರೆ ಅನುಮಾನ ಇತ್ತ ಕಡೆಗೇ. ಕ್ಲಾಕನ್ನು ನಿಧಾನ ಮಾಡಿದರೂ ತಪ್ಪು ಹೋಗದಿರುವುದು ಇನ್ನೊಂದು ಸುಳಿವು. ಕ್ಲಾಕ್ ಎಷ್ಟೇ ನಿಧಾನವಾದರೂ ಒಂದೊಂದು ಅಂಚು ಏರುವ ಹೊತ್ತು ಅದೇ 6 ನ್ಯಾನೋಸೆಕೆಂಡ್ ಇರುತ್ತದೆ.

ಎಲ್ಲ ಸರಿಯಾಗಿ ಇಟ್ಟ ಮೇಲೂ ಉಳಿಯುವ ಒಂದು ತೊಂದರೆಯನ್ನು ಹೇಳಲೇಬೇಕು. ಔಟ್‌ಪುಟ್ ಸೊನ್ನೆಯಿಂದ ಒಂದಕ್ಕೆ ಏರುವಾಗ ಕರೆಂಟ್ ಕೊಡುವುದು ನಮ್ಮ ಕೆಪಾಸಿಟರ್. ಒಂದರಿಂದ ಸೊನ್ನೆಗೆ ಇಳಿಯುವಾಗ ಹಾಗಲ್ಲ. ಆಗ ಹೊರಗಿನ ತಂತಿಯಲ್ಲಿ ತುಂಬಿದ್ದ ಚಾರ್ಜ್ ಚಿಪ್‌ನ ಔಟ್‌ಪುಟ್ ಕಾಲಿನಿಂದ ಒಳಬಂದು, ಗ್ರೌಂಡ್ ಕಾಲಿನಿಂದ ಹೊರಬಿದ್ದು, ಗ್ರೌಂಡ್ ದಾರಿಯಲ್ಲಿ ಆ ತಂತಿಯ ಕಡೆಗೇ ಮರಳುತ್ತದೆ. ಈ ಸುತ್ತಿನಲ್ಲಿ ಡಿಕಪ್ಲಿಂಗ್ ಕೆಪಾಸಿಟರ್ ಇಲ್ಲವೇ ಇಲ್ಲ. ಎಂಟು ಔಟ್‌ಪುಟ್‌ಗಳು ಒಟ್ಟಿಗೆ ಇಳಿದಾಗ ಗ್ರೌಂಡ್ ಕಾಲು ಒಂದೇ ಎಲ್ಲವನ್ನೂ ಹೊರಬೇಕು, ಅದರ ಇಂಡಕ್ಟೆನ್ಸಿಗೆ ತಕ್ಕಂತೆ ಒಳಗಿನ ಗ್ರೌಂಡ್ ನೆಗೆಯುತ್ತದೆ. ಫಲಕದ ದೀಪಗಳು ಹತ್ತುವಾಗ ಸರಿಯಿದ್ದು ಆರುವಾಗ ಮಾತ್ರ ತಪ್ಪಾದರೆ ಕಾರಣ ಇದು. ಅದಕ್ಕೆ ಮದ್ದು ಬೇರೆ: ಪ್ರತಿ ಔಟ್‌ಪುಟ್ ಕಾಲಿನ ಬುಡದಲ್ಲೇ 47ರಿಂದ 100 ಓಮ್‌ವರೆಗಿನ ಪುಟ್ಟ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ ಕರೆಂಟಿನ ಅವಸರವನ್ನು ತಗ್ಗಿಸುವುದು, ರಿಬ್ಬನ್ ಕೇಬಲ್ಲಿನಲ್ಲಿ ಒಂದೆರಡು ಸಂಕೇತಗಳಿಗೊಂದರಂತೆ ಗ್ರೌಂಡ್ ತಂತಿಗಳನ್ನು ನಡುನಡುವೆ ಸೇರಿಸುವುದು. ಇದರೊಂದಿಗೆ, ಬೇಕಿಲ್ಲದ ಕಡೆ ವೇಗದ ಚಿಪ್ ಬಳಸದಿರುವುದು. ಎಚ್‌ಸಿ ಸಾಕಾಗುವ ಫಲಕಕ್ಕೆ ಅದಕ್ಕಿಂತ ಚುರುಕಾದ ಎಸಿ ಜಾತಿಯ ಚಿಪ್ ತಂದು ಹಾಕಿದರೆ ದೀಪ ಬೇಗ ಹತ್ತಿದ್ದು ಯಾರ ಕಣ್ಣಿಗೂ ಕಾಣದು, ಗದ್ದಲ ಮಾತ್ರ ಹೆಚ್ಚುತ್ತದೆ.